ಟೆಕ್ನಿಕಲ್ ರೌಂಡ್ ದಾಟಿದ ಮೇಲೆ: ಎಚ್‌ಆರ್ ಮಾತುಕತೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಟೆಕ್ನಿಕಲ್ ರೌಂಡುಗಳು ಮುಗಿದು, "ಇನ್ನು ಎಚ್‌ಆರ್ ಜೊತೆ ಅರ್ಧ ಗಂಟೆ ಮಾತುಕತೆ ಇದೆ" ಎಂಬ ಮೇಲ್ ಬಂದ ಕೂಡಲೇ ಹೆಚ್ಚಿನವರು ತಯಾರಿ ನಿಲ್ಲಿಸಿಬಿಡುತ್ತಾರೆ. ಕೆಲಸ ಸಿಕ್ಕೇಬಿಟ್ಟಿತು, ಇನ್ನುಳಿದದ್ದು ಸಂಬಳದ ಮಾತು ಮಾತ್ರ ಅನ್ನೋ ನಂಬಿಕೆ. ಆದರೆ ಈ ಅರ್ಧ ಗಂಟೆಯಲ್ಲಿ ನೀವು ಆಡಿದ ಮಾತು ಮುಂದಿನ ಎರಡು ಮೂರು ವರ್ಷದ ನಿಮ್ಮ ಸಂಬಳ, ಲೆವೆಲ್, ಸೇರುವ ದಿನ ಎಲ್ಲವನ್ನೂ ಕಟ್ಟಿಹಾಕುತ್ತದೆ. ಕೆಲವೊಮ್ಮೆ ಆಫರ್ ಬರದೇ ಹೋಗುವುದೂ ಇಲ್ಲಿಯೇ.

ಮೊದಲು ಆ ಕಡೆ ಕೂತವರ ಕೆಲಸ ಏನು ಅಂತ ಗೊತ್ತಿರಬೇಕು. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಎಚ್‌ಆರ್ ಒಬ್ಬರೇ ಕೂತು ಆಫರ್ ನಿರ್ಧರಿಸುವುದಿಲ್ಲ. ನಿಮ್ಮ ಜೊತೆ ಮಾತಾಡಿದ ಮೇಲೆ ಅವರು ಒಂದು ಅನುಮೋದನೆಯ ಟಿಪ್ಪಣಿ ಕಳಿಸುತ್ತಾರೆ. ಅದು ಹೈರಿಂಗ್ ಮ್ಯಾನೇಜರ್ ಬಳಿ ಹೋಗುತ್ತದೆ, ಸಂಬಳದ ಲೆಕ್ಕ ನೋಡುವ ತಂಡದ ಬಳಿಯೂ ಹೋಗುತ್ತದೆ. ಅದರಲ್ಲಿ ಇರುವುದು ಕೆಲವೇ ವಿಷಯ. ಈ ವ್ಯಕ್ತಿ ನಮ್ಮ ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡುತ್ತಾರಾ? ಯಾವ ಲೆವೆಲ್‌ಗೆ, ಎಷ್ಟು ಸಂಬಳಕ್ಕೆ ಒಪ್ಪುತ್ತಾರೆ? ಹೇಳಿದ ದಿನ ಬಂದು ಸೇರುತ್ತಾರಾ, ಇಲ್ಲಾ ಆಫರ್ ಹಿಡಿದುಕೊಂಡು ಬೇರೆ ಕಡೆ ಹೋಗುತ್ತಾರಾ?

ಅಂದರೆ ನೀವಿಲ್ಲದ ಜಾಗದಲ್ಲಿ ನಿಮ್ಮ ಪರವಾಗಿ ಮಾತಾಡಬೇಕಾದವರು ಅವರು. ಅವರು ಆ ಟಿಪ್ಪಣಿಯಲ್ಲಿ ಬರೆಯಲು ಗಟ್ಟಿಯಾದ ಸಾಲುಗಳನ್ನು ನೀವು ಕೊಡಬೇಕು. ತಯಾರಿ ಅಂದರೆ ಇಷ್ಟೇ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಯಾವ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಅನ್ನೋದು ತಾನಾಗಿಯೇ ಹೊಳೆಯುತ್ತದೆ.

ಕಲ್ಚರ್ ಫಿಟ್, ಅಂದರೆ ತಂಡದ ಕೆಲಸದ ರೀತಿಗೆ ನೀವು ಹೊಂದುತ್ತೀರಾ ಅನ್ನೋದರಿಂದ ಶುರುಮಾಡೋಣ. ಈ ಭಾಗದ ಪ್ರಶ್ನೆಗಳು ಮೇಲ್ನೋಟಕ್ಕೆ ತುಂಬಾ ಸರಳ. ತಂಡದಲ್ಲಿ ಯಾರ ಜೊತೆಗಾದರೂ ಭಿನ್ನಾಭಿಪ್ರಾಯ ಬಂದಿತ್ತಾ? ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ? ಕಷ್ಟದ ಫೀಡ್‌ಬ್ಯಾಕ್ ಬಂದಾಗ ಏನು ಮಾಡಿದ್ರಿ? ಇದಕ್ಕೆ "ನಾನು ಎಲ್ಲರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತೇನೆ" ಎಂದರೆ ಅವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಅದು ನಿಮ್ಮ ಬಗ್ಗೆ ನಿಮ್ಮದೇ ಅಭಿಪ್ರಾಯ. ಅವರಿಗೆ ಬೇಕಿರುವುದು ನಡೆದ ಸಂಗತಿ.

ಒಂದು ಉದಾಹರಣೆ ನೋಡೋಣ. ನಾಲ್ಕು ವರ್ಷ ಅನುಭವ ಇರುವ ಒಬ್ಬ ಡೆವಲಪರ್‌ಗೆ ಭಿನ್ನಾಭಿಪ್ರಾಯದ ಪ್ರಶ್ನೆ ಬಂತು ಅಂದುಕೊಳ್ಳಿ. ಅವರ ಮೊದಲ ಉತ್ತರ ಹೀಗಿರಬಹುದು: "ಹೌದು, ನಮ್ಮ ಟೆಸ್ಟಿಂಗ್ ತಂಡದವರು ಯಾವಾಗಲೂ ತಡ ಮಾಡ್ತಿದ್ರು. ನಾನು ಮ್ಯಾನೇಜರ್‌ಗೆ ಹೇಳಿದೆ, ಅವರು ಸರಿಮಾಡಿದ್ರು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳಿದವರ ಟಿಪ್ಪಣಿಯಲ್ಲಿ ಬೀಳುವುದು ಎರಡು ಮಾತು: ಬೇರೆಯವರ ಮೇಲೆ ಹಾಕುತ್ತಾರೆ, ಸಮಸ್ಯೆಯನ್ನು ಮೇಲಿನವರಿಗೆ ದಾಟಿಸುತ್ತಾರೆ.

ಅದೇ ಘಟನೆಯನ್ನು ಹೀಗೆ ಹೇಳಬಹುದು: "ರಿಲೀಸ್‌ಗೆ ಒಂದು ವಾರ ಇತ್ತು. ಟೆಸ್ಟಿಂಗ್ ತಂಡ ಇನ್ನೂ ಐದು ದಿನ ಬೇಕು ಅಂತು. ನನಗೆ ಅದು ಜಾಸ್ತಿ ಅನ್ನಿಸ್ತು. ಅವರ ಲೀಡ್ ಜೊತೆ ಕೂತು ಯಾವ ಟೆಸ್ಟ್‌ಗೆ ಎಷ್ಟು ಹೊತ್ತು ಹೋಗ್ತಿದೆ ಅಂತ ನೋಡಿದೆ. ನಾವು ಬಿಲ್ಡ್ ಕೊಡುವುದು ಸಂಜೆ ತಡವಾಗುತ್ತಿದ್ದದ್ದರಿಂದ ಅವರ ಅರ್ಧ ದಿನ ಸುಮ್ನೆ ಹೋಗುತ್ತಿತ್ತು. ಬಿಲ್ಡ್ ಅನ್ನು ಬೆಳಗ್ಗೆ ಒಂಬತ್ತಕ್ಕೆ ಕೊಡಲು ಶುರುಮಾಡಿದೆವು. ಮೂರು ದಿನದಲ್ಲಿ ಟೆಸ್ಟಿಂಗ್ ಮುಗಿಯಿತು. ಆಮೇಲೂ ಅದೇ ಸಮಯ ಉಳಿಸಿಕೊಂಡೆವು." ಇಲ್ಲಿ ಸನ್ನಿವೇಶ ಇದೆ, ಅವರ ಪಾಲಿನ ಕೆಲಸ ಇದೆ, ಅವರು ಮಾಡಿದ್ದು ಇದೆ, ಅದರಿಂದ ಆದದ್ದೂ ಇದೆ. ನೇಮಕಾತಿಯವರು ಈ ನಾಲ್ಕು ಹೆಜ್ಜೆಯ ಉತ್ತರವನ್ನು ಸ್ಟಾರ್ ವಿಧಾನ ಎನ್ನುತ್ತಾರೆ. ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ. ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸುವ ಇಂಥ ನಾಲ್ಕೈದು ನಿಜ ಘಟನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಜಗಳದ್ದು, ಒಂದು ತಪ್ಪಿನದ್ದು, ಒಂದು ಅರ್ಧಕ್ಕೆ ಬದಲಾದ ಕೆಲಸದ್ದು, ಒಂದು ಯಾರಿಗೋ ಕಲಿಸಿಕೊಟ್ಟದ್ದು ಇದ್ದರೆ ಬಹುತೇಕ ಪ್ರಶ್ನೆಗಳಿಗೆ ಸಾಕಾಗುತ್ತದೆ.

ಯಾವ ಘಟನೆ ಆರಿಸಬೇಕು ಅನ್ನೋದು ಕಂಪನಿಯನ್ನು ನೋಡಿ ಬದಲಾಗುತ್ತದೆ. ಅನೇಕ ಕಂಪನಿಗಳು ತಾವು ಏನನ್ನು ನೋಡುತ್ತೇವೆ ಅಂತ ಬಹಿರಂಗವಾಗಿಯೇ ಬರೆದಿರುತ್ತವೆ. ಅಮೆಜಾನ್ ತನ್ನ 16 ನಾಯಕತ್ವ ತತ್ವಗಳನ್ನು ಪ್ರಕಟಿಸಿದೆ, ಅಲ್ಲಿಯ ಸಂದರ್ಶನದ ಪ್ರಶ್ನೆಗಳು ಅದರ ಸುತ್ತಲೇ ಇರುತ್ತವೆ. ನೀವು ಹೋಗುತ್ತಿರುವ ಕಂಪನಿಯ ಇಂಥ ಪುಟವನ್ನು ಓದಿ, ನಿಮ್ಮ ಘಟನೆಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಗುರುತು ಹಾಕಿಕೊಳ್ಳಿ. ಆದರೆ ಅಲ್ಲಿಯ ಪದಗಳನ್ನೇ ಬಾಯಿಪಾಠ ಮಾಡಿ ಒಪ್ಪಿಸಬೇಡಿ. ದಿನಾ ಅದೇ ಪದ ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಒಂದು ಅಹಿತಕರ ಸತ್ಯವನ್ನೂ ಹೇಳಬೇಕು. ಕಲ್ಚರ್ ಫಿಟ್ ಹೆಸರಿನಲ್ಲಿ ಪ್ರತಿಸಲ ಕೆಲಸದ ರೀತಿಯನ್ನೇ ಅಳೆಯುತ್ತಾರೆ ಅಂತಿಲ್ಲ. ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ ಅಮೆರಿಕದ ದೊಡ್ಡ ವೃತ್ತಿಪರ ಸಂಸ್ಥೆಗಳ ನೇಮಕಾತಿಯನ್ನು ಅಧ್ಯಯನ ಮಾಡಿ 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹವ್ಯಾಸ, ಹಿನ್ನೆಲೆ, ಮಾತಿನ ಧಾಟಿಯಲ್ಲಿ ತಮ್ಮ ಹಾಗೆಯೇ ಇರುವವರ ಕಡೆಗೆ ಆಯ್ಕೆ ಮಾಡುವವರು ಒಲಿಯುತ್ತಾರೆ ಅನ್ನೋದು ಅದರ ಮುಖ್ಯ ಮಾತು. ಇದಕ್ಕಾಗಿ ನೀವು ಬೇರೆ ವ್ಯಕ್ತಿಯಂತೆ ನಟಿಸಬೇಕಿಲ್ಲ. ಮಾತು ಹವ್ಯಾಸದ ಕಡೆ ಹೊರಟರೆ ಚಿಕ್ಕದಾಗಿ ಉತ್ತರಿಸಿ, ಮತ್ತೆ ಕೆಲಸದ ಘಟನೆಗೆ ತನ್ನಿ. ಮದುವೆ, ಮಕ್ಕಳ ಯೋಜನೆ, ಧರ್ಮ ಇಂಥ ಪ್ರಶ್ನೆ ಬಂದರೆ "ಕೆಲಸದ ಸಮಯ ಮತ್ತು ಓಡಾಟದ ಬಗ್ಗೆ ನಿಮಗೆ ಏನಾದರೂ ಖಚಿತ ಆಗಬೇಕಿದ್ದರೆ ಕೇಳಿ, ಹೇಳುತ್ತೇನೆ" ಅನ್ನಬಹುದು. ಅವರ ನಿಜವಾದ ಚಿಂತೆ ಅದೇ ಆಗಿದ್ದರೆ ಉತ್ತರ ಸಿಕ್ಕಂತಾಯಿತು. ಅದಲ್ಲದಿದ್ದರೆ ಆ ಕಂಪನಿಯ ಬಗ್ಗೆ ನಿಮಗೆ ಒಂದು ವಿಷಯ ತಿಳಿದಂತಾಯಿತು.

ಕೆಲಸ ಬಿಡುವ ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿ. ಈಗಿನ ಕಡೆ ಏನು ಮುಗಿದಿದೆ, ಇಲ್ಲಿ ಏನು ಬೇಕಾಗಿದೆ, ಅಷ್ಟು ಸಾಕು. ಹಳೆಯ ಮ್ಯಾನೇಜರ್ ಬಗ್ಗೆ ದೂರು ನೂರಕ್ಕೆ ನೂರು ನಿಜವಾಗಿದ್ದರೂ ಇಲ್ಲಿ ಬೇಡ. ಕೇಳುವವರಿಗೆ ಇನ್ನೊಂದು ಕಡೆಯ ಮಾತು ಗೊತ್ತಿಲ್ಲ, ಹಾಗಾಗಿ ಅವರು ಅದನ್ನು ನಿಮ್ಮ ಬಗೆಗಿನ ಅನುಮಾನವಾಗಿಯೇ ಬರೆದುಕೊಳ್ಳುತ್ತಾರೆ.

ಈಗ ಸಂಬಳದ ನಿರೀಕ್ಷೆ. ಹೆಚ್ಚು ತಯಾರಿ ಬೇಕಾಗುವುದು, ಹೆಚ್ಚು ಜನ ಎಡವುವುದು ಎರಡೂ ಇಲ್ಲೇ.

ಮೊದಲು ತಿಳಿಯಬೇಕಾದದ್ದು ಲೆವೆಲ್. ಕಂಪನಿಗಳಲ್ಲಿ ಪ್ರತಿ ಲೆವೆಲ್‌ಗೂ ಕೆಳಗಿನ ಮಿತಿ, ಮೇಲಿನ ಮಿತಿ ಇರುವ ಒಂದು ಬ್ಯಾಂಡ್ ಇರುತ್ತದೆ. ನೀವು ಎಷ್ಟೇ ಚೆನ್ನಾಗಿ ಮಾತಾಡಿದರೂ ಮೂಲ ಸಂಬಳ ಆ ಬ್ಯಾಂಡಿನ ಒಳಗೇ ಓಡಾಡುತ್ತದೆ. ಆದ್ದರಿಂದ "ಎಷ್ಟು ನಿರೀಕ್ಷೆ?" ಅಂತ ಕೇಳಿದಾಗ ಮೊದಲು ನೀವೇ ಒಂದು ಪ್ರಶ್ನೆ ಕೇಳಿ: "ನನ್ನನ್ನು ಯಾವ ಲೆವೆಲ್‌ಗೆ ನೋಡುತ್ತಿದ್ದೀರಿ? ಅದರ ಬ್ಯಾಂಡ್ ಎಷ್ಟರಿಂದ ಎಷ್ಟು?" ಎಲ್ಲರೂ ಹೇಳುವುದಿಲ್ಲ. ಆದರೆ ಕೇಳುವುದರಲ್ಲಿ ತಪ್ಪೇನಿಲ್ಲ. ಈಗಿನ ಸಂಬಳ ಹೇಳಬೇಕಾ ಬೇಡವಾ ಅನ್ನೋದು ನೀವು ಇರುವ ದೇಶದ ಕಾನೂನಿನ ಮೇಲೂ ನಿಂತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಕಂಪನಿಗಳು ಅಭ್ಯರ್ಥಿಯ ಹಳೆಯ ಸಂಬಳ ಕೇಳುವಂತಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಸಂಬಳ ಪಾರದರ್ಶಕತೆಯ ನಿರ್ದೇಶನವೂ ಅದನ್ನೇ ಹೇಳುತ್ತದೆ. ಅಂಥ ಕಾನೂನು ಇಲ್ಲದ ಕಡೆ ಪೇ ಸ್ಲಿಪ್ ಕೇಳುವುದು ಮಾಮೂಲು. ಆಗ ಅಂಕಿಯನ್ನು ಸ್ವಲ್ಪವೂ ಉಬ್ಬಿಸಬೇಡಿ. ದಾಖಲೆ ನೋಡುವ ಹೊತ್ತಿಗೆ ಅದು ಹೊರಗೆ ಬಂದರೆ, ಆಫರ್ ಹಿಂದಕ್ಕೆ ಹೋಗಲು ಅಷ್ಟೇ ಸಾಕು.

ಅದೇ ಡೆವಲಪರ್‌ನ ಲೆಕ್ಕವನ್ನು ಈಗ ಪೂರ್ತಿ ಮಾಡಿ ನೋಡೋಣ. ಅವರ ಈಗಿನ ವರ್ಷದ ಮೂಲ ಸಂಬಳವನ್ನು 100 ಅಂದುಕೊಳ್ಳಿ. ಅದರ ಮೇಲೆ 10ರ ವೇರಿಯಬಲ್ ಇದೆ, ಅಂದರೆ ಪೂರ್ತಿ ಬರುತ್ತದೆ ಅಂತ ಖಾತ್ರಿ ಇಲ್ಲದ ವರ್ಷದ ಬೋನಸ್. ಕಳೆದ ವರ್ಷ ಕೈಗೆ ಬಂದದ್ದು 8. ಅಂದರೆ ನಿಜವಾದ ವರಮಾನ 108. ಈ ವರ್ಷದ ವೇರಿಯಬಲ್ ಮೂರು ತಿಂಗಳ ನಂತರ ಬರುತ್ತದೆ, ಆ ದಿನ ಕೆಲಸದಲ್ಲಿ ಇದ್ದವರಿಗೆ ಮಾತ್ರ.

ಹೊಸ ಕಂಪನಿಯವರು ಫೋನಿನಲ್ಲಿ "ಒಟ್ಟು 152" ಅನ್ನುತ್ತಾರೆ. 100ರಿಂದ 152, ಅರ್ಧಕ್ಕಿಂತ ಜಾಸ್ತಿ ಏರಿಕೆ ಅಂತ ಮನಸ್ಸು ಕೂಡಲೇ ಲೆಕ್ಕ ಹಾಕಿಬಿಡುತ್ತದೆ. ಬಿಡಿಸಿ ನೋಡಿದರೆ ಮೂಲ ಸಂಬಳ 120, ವೇರಿಯಬಲ್ 20, ಜಾಯ್ನಿಂಗ್ ಬೋನಸ್ 12. ವೇರಿಯಬಲ್ ಪೂರ್ತಿ ಬರುತ್ತದಾ? "ಈ ತಂಡಕ್ಕೆ ಕಳೆದ ಎರಡು ವರ್ಷ ಶೇಕಡಾ ಎಷ್ಟು ಕೊಟ್ಟಿದ್ದೀರಿ?" ಅಂತ ಕೇಳಿದಾಗ ಶೇ. 70ರ ಆಸುಪಾಸು ಎಂಬ ಉತ್ತರ ಬಂತು ಅಂದುಕೊಳ್ಳಿ. ಆಗ 20 ಹೋಗಿ 14 ಆಯಿತು. ಮೊದಲ ವರ್ಷದ ನಿಜ ಮೊತ್ತ 146. ಜಾಯ್ನಿಂಗ್ ಬೋನಸ್ ಒಂದೇ ಸಲ ಬರುವಂಥದ್ದು, ಆದ್ದರಿಂದ ಎರಡನೇ ವರ್ಷ 134. ಹಳೆಯ ಕಡೆ ಬಿಟ್ಟು ಬರುವ 8 ಬೇರೆ ಇದೆ. ಆ 12ರಲ್ಲಿ 8 ನಷ್ಟ ತುಂಬುವುದಕ್ಕೇ ಹೋಯಿತು. ಹೋಲಿಸಬೇಕಾದದ್ದು 108ಕ್ಕೆ 134ನ್ನು, ಅಂದರೆ ಸುಮಾರು ಶೇ. 24ರ ಏರಿಕೆ. ಇದು ಕೆಟ್ಟ ಆಫರ್ ಅಲ್ಲ. ಆದರೆ ಫೋನಿನಲ್ಲಿ ಕೇಳಿಸಿದ ಆಫರ್ ಅಲ್ಲವೇ ಅಲ್ಲ.

ಈಗ ಅವರು ಏನು ಕೇಳಬೇಕು? ಎಚ್‌ಆರ್ ಕಡೆ ಮೂಲ ಸಂಬಳ ಏರಿಸುವುದು ಕಷ್ಟ. ಅದು ಪ್ರತಿ ವರ್ಷ ಮರುಕಳಿಸುವ ಖರ್ಚು. ಅದೇ ಲೆವೆಲ್‌ನಲ್ಲಿ ಈಗಾಗಲೇ ಇರುವವರ ಸಂಬಳಕ್ಕೂ ಅದನ್ನು ಹೋಲಿಸಿ ನೋಡುತ್ತಾರೆ. ಒಂದೇ ಸಲ ಕೊಡುವ ಜಾಯ್ನಿಂಗ್ ಬೋನಸ್‌ನಲ್ಲಿ ಸಾಮಾನ್ಯವಾಗಿ ಅವರ ಕೈ ಸ್ವಲ್ಪ ಸಡಿಲ ಇರುತ್ತದೆ. ಇದು ಗೊತ್ತಿದ್ದರೆ ಮಾತು ಹೀಗೆ ಸಾಗಬಹುದು:

"ಮೂಲ ಸಂಬಳ 128 ಆದರೆ ನಾನು ಈಗಲೇ ಒಪ್ಪುತ್ತೇನೆ ಮೇಡಂ. ಟೆಕ್ನಿಕಲ್ ರೌಂಡ್‌ನಲ್ಲಿ ಮಾತಾಡಿದ ಪೇಮೆಂಟ್ ಸಿಸ್ಟಂ ಕೆಲಸವನ್ನು ನಾನು ಎರಡು ವರ್ಷ ಮಾಡಿದ್ದೇನೆ. ಹಾಗಾಗಿ ಮೊದಲ ತಿಂಗಳಿಂದಲೇ ಜವಾಬ್ದಾರಿ ತೆಗೆದುಕೊಳ್ಳಬಲ್ಲೆ."

"ಈ ಲೆವೆಲ್‌ಗೆ 124ರ ಮೇಲೆ ಹೋಗಲು ಆಗುವುದಿಲ್ಲ."

"ಸರಿ, 124 ಇರಲಿ. ಆದರೆ ಈಗ ಬಿಟ್ಟರೆ ಮೂರು ತಿಂಗಳಲ್ಲಿ ಬರಬೇಕಿದ್ದ 8ರ ಬೋನಸ್ ನನಗೆ ಹೋಗುತ್ತದೆ. ಅದರ ಕಾಗದ ಕಳಿಸುತ್ತೇನೆ. ಜಾಯ್ನಿಂಗ್ ಬೋನಸ್ 16 ಮಾಡಲು ಸಾಧ್ಯವಾ?"

ಇಲ್ಲಿ ಅವರು ಕೊಟ್ಟದ್ದು ಟಿಪ್ಪಣಿಗೆ ಹೋಗುವ ಸಾಲುಗಳನ್ನೇ. 128 ಯಾಕೆ ಅಂದರೆ ಇಂಥ ಅನುಭವ ಇದೆ, 16 ಯಾಕೆ ಅಂದರೆ ಇಂಥ ನಷ್ಟ ಇದೆ, ದಾಖಲೆಯೂ ಇದೆ. "ಮಾರ್ಕೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಕೊಡ್ತಾರೆ" ಎಂಬ ಮಾತಿನಿಂದ ಯಾರೂ ಅನುಮೋದನೆ ಬರೆಸಿಕೊಳ್ಳಲಾರರು. 124 ಮತ್ತು 16ಕ್ಕೆ ಒಪ್ಪಿಗೆ ಸಿಕ್ಕರೆ, ವೇರಿಯಬಲ್ ಅದೇ 14 ಅಂತ ಹಿಡಿದರೂ ಎರಡನೇ ವರ್ಷ 138 ಆಗುತ್ತದೆ.

ಜಾಯ್ನಿಂಗ್ ಬೋನಸ್‌ಗೆ ಬಹುತೇಕ ಒಂದು ಷರತ್ತು ಅಂಟಿಕೊಂಡಿರುತ್ತದೆ: ಇಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೆ ಪೂರ್ತಿ ಕೊಡಬೇಕಾ, ಉಳಿದ ತಿಂಗಳಿಗೆ ತಕ್ಕಷ್ಟಾ? ತೆರಿಗೆ ಕಳೆದು ಕೈಗೆ ಬಂದದ್ದನ್ನಾ, ಕಳೆಯುವ ಮುಂಚಿನ ಮೊತ್ತವನ್ನಾ? ಕಂಪನಿಯೇ ತೆಗೆದುಹಾಕಿದರೂ ಕೊಡಬೇಕಾ? ಈ ಮೂರನ್ನು ಕೇಳಲೇಬೇಕು. ಷೇರು ಕೊಡುವುದಾಗಿ ಹೇಳಿದರೆ ಅದನ್ನು ಒಟ್ಟು ಮೊತ್ತದಲ್ಲಿ ಹೇಗೆ ಸೇರಿಸಿದ್ದಾರೆ ನೋಡಿ. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ಮುಗಿಯುವವರೆಗೆ ಏನೂ ಕೈಗೆ ಬರದಂತೆ ಇಡುವುದು ತುಂಬಾ ಕಡೆ ಇರುವ ಪದ್ಧತಿ. ನಾಲ್ಕು ವರ್ಷದ ಮೊತ್ತವನ್ನು ಒಂದು ವರ್ಷದ ಸಂಬಳದ ಪಕ್ಕ ಕೂಡಿಸಿ ಹೇಳಿದ್ದರೆ ನಾಲ್ಕರಿಂದ ಭಾಗಿಸಿಯೇ ಹೋಲಿಸಿ.

"ಆರು ತಿಂಗಳಾದ ಮೇಲೆ ಸಂಬಳ ಮತ್ತೆ ನೋಡೋಣ" ಎಂಬ ಮಾತು ಬಂದರೆ, ಆಫರ್ ಲೆಟರ್‌ನಲ್ಲಿ ಆ ಸಾಲು ಬರುವುದಾದರೆ ಮಾತ್ರ ಅದಕ್ಕೆ ಬೆಲೆ ಕಟ್ಟಿ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆರು ತಿಂಗಳ ನಂತರ ಅವರು ಆ ಜಾಗದಲ್ಲಿ ಇರುತ್ತಾರೆ ಅಂತ ಯಾರು ಹೇಳುವುದು, ಅಲ್ವಾ?

"ಬೇರೆ ಕಡೆ ಮಾತುಕತೆ ನಡೀತಿದೆಯಾ?" ಎಂಬ ಪ್ರಶ್ನೆ ಬರುವುದು ನೀವು ಸೇರುವ ಸಾಧ್ಯತೆ ಎಷ್ಟು ಅಂತ ಅಳೆಯಲು. ಇದ್ದರೆ ಇದೆ ಅನ್ನಿ. ಹೆಸರು ಹೇಳಬೇಕಿಲ್ಲ. ಯಾವ ಹಂತದಲ್ಲಿದೆ, ಯಾವ ದಿನದೊಳಗೆ ಉತ್ತರ ಕೊಡಬೇಕು ಅಂತ ಹೇಳಿದರೆ ಸಾಕು. ಇಲ್ಲದ ಆಫರ್ ಇದೆ ಅನ್ನೋದು ಬೇಡ. ಪತ್ರ ತೋರಿಸಿ ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಕೊನೆಯ ಭಾಗ ಸೇರುವ ದಿನ. "ಯಾವಾಗ ಸೇರಬಹುದು?" ಎಂದಾಗ ಖುಷಿಯಲ್ಲಿ "ಮೂವತ್ತು ದಿನ" ಅಂದುಬಿಡಬೇಡಿ. ಮುಂಚೆಯೇ ನಿಮ್ಮ ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಪೀರಿಯಡ್‌ನ ಷರತ್ತು ಓದಿ. ಎಷ್ಟು ದಿನ, ಆ ಅವಧಿಯಲ್ಲಿ ರಜೆ ತೆಗೆದುಕೊಂಡರೆ ದಿನ ಮುಂದಕ್ಕೆ ಹೋಗುತ್ತದಾ, ಹಣ ಕಟ್ಟಿ ಬೇಗ ಹೊರಡಬಹುದಾ ಅನ್ನೋದನ್ನು ನೋಡಿ. ಈ ಕೊನೆಯದರಲ್ಲಿ ಒಂದು ತೊಡಕಿದೆ. ಹೊಸ ಕಂಪನಿ ಹಣ ಕೊಡುತ್ತೇನೆ ಅಂದರೂ ಹಳೆಯ ಕಂಪನಿ ಬಿಡಲು ಒಪ್ಪಬೇಕಾಗಬಹುದು. "ಮ್ಯಾನೇಜರ್ ಒಪ್ಪಿಗೆ ಕೊಟ್ಟರೆ" ಎಂಬ ಮೂರು ಪದ ಷರತ್ತಿನಲ್ಲಿ ಇದೆಯಾ ಹುಡುಕಿ.

ನಮ್ಮ ಡೆವಲಪರ್‌ಗೆ ನೋಟಿಸ್ 60 ದಿನ. ಬರಹದಲ್ಲಿ ಆಫರ್ ಮಾರ್ಚ್ 3ಕ್ಕೆ ಬಂತು. ಓದಿ, ಅನುಮಾನ ಕೇಳಿ, ಸಹಿ ಮಾಡಿ ಮಾರ್ಚ್ 6ಕ್ಕೆ ರಾಜೀನಾಮೆ ಕೊಟ್ಟರು. ಆ ದಿನವನ್ನೂ ಸೇರಿಸಿ ಎಣಿಸಿದರೆ ಕೊನೆಯ ದಿನ ಮೇ 4. ರಿಲೀವಿಂಗ್ ಲೆಟರ್ ಬರಲು, ಎರಡು ದಿನ ಆಚೀಚೆ ಆದರೂ ತಡೆದುಕೊಳ್ಳಲು ಒಂದು ವಾರ ಇಟ್ಟುಕೊಂಡು ಅವರು ಮೇ 12 ಅಂತ ಹೇಳುತ್ತಾರೆ. ಏಪ್ರಿಲ್‌ಗೆ ಬರುತ್ತೇನೆ ಅಂತ ಹೇಳಿ ಆಮೇಲೆ ಮುಂದಕ್ಕೆ ಹಾಕುವುದಕ್ಕಿಂತ, ಮೇ 12 ಅಂತ ಹೇಳಿ ಅದೇ ದಿನ ಬರುವುದು ಒಳ್ಳೆಯದು. ಹೈರಿಂಗ್ ಮ್ಯಾನೇಜರ್ ಆ ದಿನವನ್ನು ನಂಬಿ ಪ್ರಾಜೆಕ್ಟ್ ಯೋಜನೆ ಹಾಕಿರುತ್ತಾರೆ. ದಿನ ಮುಂದೆ ಹೋದಾಗ ಅವರಿಗೆ ಮೊದಲು ಬರುವ ಅನುಮಾನ, ಈ ವ್ಯಕ್ತಿ ಬರುತ್ತಾರೋ ಇಲ್ಲವೋ ಅನ್ನೋದು.

ಆಫರ್ ಲೆಟರ್‌ನಲ್ಲಿ "ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ಗೆ ಒಳಪಟ್ಟು" ಎಂಬ ಸಾಲು ಇರುತ್ತದೆ. ಅದು ರಾಜೀನಾಮೆಗೆ ಮುಂಚೆ ಮುಗಿಯುತ್ತದಾ, ಸೇರಿದ ಮೇಲೆ ನಡೆಯುತ್ತದಾ ಕೇಳಿ. ರೆಸ್ಯೂಮೆಯಲ್ಲಿ ಬರೆದ ತಿಂಗಳು, ಹುದ್ದೆಯ ಹೆಸರು ಹಳೆಯ ಕಂಪನಿಗಳು ಕೊಟ್ಟ ಪತ್ರಕ್ಕೆ ತಾಳೆಯಾಗುತ್ತದಾ ನೋಡಿಕೊಳ್ಳಿ. ವ್ಯತ್ಯಾಸ ಇದ್ದರೆ, ಕೆಲಸವಿಲ್ಲದ ಕೆಲವು ತಿಂಗಳು ಇದ್ದರೆ, ಈ ಮಾತುಕತೆಯಲ್ಲೇ ನೀವಾಗಿ ಹೇಳಿ. ನೀವೇ ಹೇಳಿದ್ದು ಒಂದು ಮಾಹಿತಿ ಆಗುತ್ತದೆ. ಅವರು ಹುಡುಕಿ ತೆಗೆದರೆ ಅದು ಮುಚ್ಚಿಟ್ಟದ್ದು ಆಗುತ್ತದೆ.

"ನಿಮ್ಮ ಪ್ರಶ್ನೆ ಏನಾದರೂ ಇದೆಯಾ?" ಎಂದಾಗ "ಇಲ್ಲ" ಎನ್ನಬೇಡಿ. "ನಿಮ್ಮ ಕಲ್ಚರ್ ಹೇಗಿದೆ?" ಅಂತಲೂ ಕೇಳಬೇಡಿ, ಅದಕ್ಕೆ ಬರುವುದು ಸಿದ್ಧ ಉತ್ತರ. ನಡೆದದ್ದನ್ನು ಕೇಳಿ. ಈ ಜಾಗ ಯಾಕೆ ಖಾಲಿಯಾಯಿತು? ಹಿಂದಿನ ತಿಂಗಳು ಈ ತಂಡದವರು ರಜೆಯ ದಿನ ಎಷ್ಟು ಸಲ ಕೆಲಸ ಮಾಡಿದರು? ಪ್ರೊಬೇಷನ್ ಎಷ್ಟು ತಿಂಗಳು, ಅದರಲ್ಲಿ ಏನನ್ನು ನೋಡುತ್ತಾರೆ? ಮನೆಯಿಂದ ಕೆಲಸ ವಾರಕ್ಕೆ ಎಷ್ಟು ದಿನ, ಅದು ಪತ್ರದಲ್ಲಿ ಇರುತ್ತದಾ? ಎಚ್‌ಆರ್‌ಗೆ ತಂಡದ ವಿಷಯ ಗೊತ್ತಿಲ್ಲದಿದ್ದರೆ, ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಮಾತಾಡಿಸಿ ಅಂತ ಕೇಳಿ. ಆಫರ್ ಕೊಡುವ ಹಂತದಲ್ಲಿ ಇದನ್ನು ಕೇಳುವುದು ಸಹಜ.

ಫೋನ್ ಇಟ್ಟ ಮೇಲೆ ಅದೇ ದಿನ ಒಂದು ಚಿಕ್ಕ ಮೇಲ್ ಕಳಿಸಿ: "ಇಂದಿನ ಮಾತುಕತೆಗೆ ಧನ್ಯವಾದ. ನನಗೆ ಅರ್ಥವಾದದ್ದು ಹೀಗಿದೆ: ಲೆವೆಲ್ ಇದು, ಮೂಲ ಸಂಬಳ 124, ವೇರಿಯಬಲ್ 20, ಜಾಯ್ನಿಂಗ್ ಬೋನಸ್ 16, ಒಂದು ವರ್ಷದೊಳಗೆ ಬಿಟ್ಟರೆ ಉಳಿದ ತಿಂಗಳಿಗೆ ತಕ್ಕಷ್ಟು ವಾಪಸ್, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಸೇರುವ ದಿನ ಮೇ 12. ತಪ್ಪಿದ್ದರೆ ತಿಳಿಸಿ." ಆಫರ್ ಲೆಟರ್ ಬಂದಾಗ ಈ ಮೇಲ್ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಹೋಲಿಸಿ. ಯಾವುದಾದರೂ ಬಿಟ್ಟುಹೋಗಿದ್ದರೆ ತಿದ್ದಿದ ಪತ್ರ ಕೇಳಿ. ಆ ಪತ್ರ ಕೈಗೆ ಬರುವವರೆಗೆ ಈಗಿನ ಕಂಪನಿಯಲ್ಲಿ ರಾಜೀನಾಮೆ ಕೊಡಬೇಡಿ, ಎಷ್ಟೇ ಅವಸರ ಮಾಡಿದರೂ.